ವರ್ಷಗಳ ಹಿಂದೆ ತೀರಿಕೊಂಡವರ ಮರಣ ನೋಂದಣಿ: ಹುಡುಕಾಟದಿಂದ ಪ್ರಮಾಣಪತ್ರದವರೆಗೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇರುವ ಜಮೀನು ಬೇಕಾದಷ್ಟಿದೆ. ಪೌತಿ ಖಾತೆಗೆ ಅರ್ಜಿ ಹಾಕಲು ಹೋದಾಗ ನಾಡಕಚೇರಿಯಲ್ಲಿ ಮೊದಲು ಕೇಳುವುದು ಮರಣ ಪ್ರಮಾಣಪತ್ರ. ಮನೆಯಲ್ಲೇ ತೀರಿಕೊಂಡವರ ಸಾವನ್ನು ಆಗ ಯಾರೂ ಬರೆಸಿರುವುದಿಲ್ಲ. ಹತ್ತು ಹದಿನೈದು ವರ್ಷ ಕಳೆದ ಮೇಲೆ ಅದನ್ನು ನೋಂದಾಯಿಸುವುದು ಹೇಗೆ, ಎಲ್ಲೆಲ್ಲಿ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು ಇಲ್ಲಿ ಒಂದು ಉದಾಹರಣೆ ಹಿಡಿದು ವಿವರಿಸಿದ್ದೇವೆ. ಜನನ ನೋಂದಣಿಯ ದಾರಿಯೂ ಬಹುಪಾಲು ಇದೇ. ವ್ಯತ್ಯಾಸವಿರುವ ಕಡೆ ಬೇರೆಯಾಗಿ ಹೇಳಿದ್ದೇವೆ.

ಎಷ್ಟು ತಡವಾಗಿದೆ ಎಂಬುದರ ಮೇಲೆ ದಾರಿ

1969ರ ಜನನ ಮರಣ ನೋಂದಣಿ ಕಾಯ್ದೆಯ 13ನೇ ಕಲಂ ತಡವನ್ನು ಮೂರು ಭಾಗ ಮಾಡುತ್ತದೆ. ಸಾವು ಅಥವಾ ಹುಟ್ಟು ಆದ 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. 21 ದಿನ ಕಳೆದು 30 ದಿನದೊಳಗಾದರೆ ತಡ ಶುಲ್ಕ ಕಟ್ಟಿದರೆ ನೋಂದಣಾಧಿಕಾರಿಯೇ ಬರೆದುಕೊಳ್ಳುತ್ತಾರೆ. 30 ದಿನ ದಾಟಿ ಒಂದು ವರ್ಷದೊಳಗಾದರೆ ಜಿಲ್ಲಾ ನೋಂದಣಾಧಿಕಾರಿ ಅಥವಾ ಅದಕ್ಕೆಂದು ಗೊತ್ತುಪಡಿಸಿದ ಅಧಿಕಾರಿಯ ಲಿಖಿತ ಅನುಮತಿ ಬೇಕು. ಈ ಹಂತಕ್ಕೆ ಮೊದಲು ನೋಟರಿ ಅಫಿಡವಿಟ್ ಕಡ್ಡಾಯವಾಗಿತ್ತು. 2023ರ ತಿದ್ದುಪಡಿಯ ನಂತರ ಸ್ವಯಂ ದೃಢೀಕರಿಸಿದ ದಾಖಲೆ ಸಾಕು.

ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಯಾವ ನೋಂದಣಾಧಿಕಾರಿಯೂ ಬರೆದುಕೊಳ್ಳುವಂತಿಲ್ಲ. ಹಳ್ಳಿಯ ಗ್ರಾಮ ಆಡಳಿತಾಧಿಕಾರಿ ಎಷ್ಟು ಪರಿಚಯದವರಾಗಿದ್ದರೂ ಅಷ್ಟೇ, ಕಾನೂನು ಅವರಿಗೆ ಆ ಅಧಿಕಾರ ಕೊಟ್ಟಿಲ್ಲ. ಹಿಂದೆ ಈ ಆದೇಶ ಕೊಡುತ್ತಿದ್ದುದು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್, ಅಂದರೆ ತಾಲ್ಲೂಕಿನ ಜೆ.ಎಂ.ಎಫ್.ಸಿ. ನ್ಯಾಯಾಲಯ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗೀಯ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಡಿ.ಸಿ., ಎ.ಸಿ. ಅಥವಾ ತಹಶೀಲ್ದಾರ್. ಈ ಮೂವರಲ್ಲಿ ನಿಮ್ಮ ತಾಲ್ಲೂಕಿನ ಅರ್ಜಿ ಯಾರ ಮುಂದೆ ಹೋಗಬೇಕು ಎಂಬುದು ಜಿಲ್ಲೆಯಲ್ಲಿ ಕೆಲಸ ಹಂಚಿರುವ ರೀತಿಯ ಮೇಲಿದೆ. ತಾಲ್ಲೂಕು ಕಚೇರಿಯ ಜನನ ಮರಣ ಶಾಖೆಯ ಕೇಸ್ ವರ್ಕರನ್ನು ಇದೊಂದು ಪ್ರಶ್ನೆ ಕೇಳಿಕೊಂಡೇ ಮುಂದಿನ ಕೆಲಸ ಶುರುಮಾಡಿ. ಎ.ಸಿ. ಎಂದು ಹೇಳಿದರೆ ಯಾವ ಉಪವಿಭಾಗ ಎಂಬುದನ್ನೂ ನೋಡಿಕೊಳ್ಳಿ. ಶಿರಾ, ಪಾವಗಡ, ಕೊರಟಗೆರೆಯವರು ಮಧುಗಿರಿಗೆ ಹೋಗಬೇಕು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರು ತಿಪಟೂರಿಗೆ, ಗುಬ್ಬಿ, ಕುಣಿಗಲ್‌ನವರು ತುಮಕೂರಿಗೆ.

ಹಿಂದೆಯೇ ನ್ಯಾಯಾಲಯದಿಂದ ಆದೇಶ ಪಡೆದು, ನೋಂದಣಿ ಮಾಡಿಸದೆ ಕಾಗದವನ್ನು ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟ ಮನೆಗಳೂ ಇವೆ. ಅಂಥವರು ಹೊಸ ಅರ್ಜಿ ಹಾಕುವ ಮೊದಲು ಆ ಆದೇಶದ ದೃಢೀಕೃತ ನಕಲನ್ನು ನೋಂದಣಾಧಿಕಾರಿಗೆ ತೋರಿಸಲಿ.

ಮೊದಲು ಹುಡುಕಿ, ಆಮೇಲೆ ಅರ್ಜಿ

ಪ್ರಮಾಣಪತ್ರ ಮನೆಯಲ್ಲಿಲ್ಲ ಎಂದ ಮಾತ್ರಕ್ಕೆ ನೋಂದಣಿ ಆಗಿಲ್ಲ ಎಂದಲ್ಲ. ತೀರಿಕೊಂಡವರ ಹೆಂಡತಿಗೆ ವಿಧವಾ ವೇತನ ಬರುತ್ತಿದೆಯೇ ಎಂದು ಕೇಳಿ. ಬರುತ್ತಿದ್ದರೆ ಆ ಅರ್ಜಿಯ ಜೊತೆ ಗಂಡನ ಮರಣ ಪ್ರಮಾಣಪತ್ರ ಕೊಟ್ಟಿರಲೇಬೇಕು, ಅಂದರೆ ಎಲ್ಲೋ ನೋಂದಣಿ ಆಗಿದೆ. ಎಲ್‌ಐಸಿ ಹಣ ಬಂದಿದ್ದರೆ, ಬ್ಯಾಂಕಿನ ಖಾತೆ ವಾರಸುದಾರರಿಗೆ ಇತ್ಯರ್ಥವಾಗಿದ್ದರೆ, ಬೇರೊಂದು ಸರ್ವೆ ನಂಬರಿಗೆ ಪೌತಿ ಖಾತೆ ಆಗಿದ್ದರೆ ಅಲ್ಲೂ ಇದೇ ಲೆಕ್ಕ. ಆ ಕಡತದ ನಕಲಿನಲ್ಲಿ ನೋಂದಣಿ ಸಂಖ್ಯೆ ಸಿಕ್ಕಿದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ. ಇದನ್ನು ನೋಡದೆ ತಡ ನೋಂದಣಿಗೆ ಹೋದರೆ ಒಬ್ಬರೇ ವ್ಯಕ್ತಿಯ ಸಾವು ಎರಡು ಸಲ, ಒಮ್ಮೊಮ್ಮೆ ಎರಡು ದಿನಾಂಕಗಳಲ್ಲಿ ನೋಂದಣಿಯಾಗುತ್ತದೆ. ಅದನ್ನು ಬಿಡಿಸುವುದು ಮೊದಲಿನ ಕೆಲಸಕ್ಕಿಂತ ಕಷ್ಟ.

ನೋಂದಣಿ ಆಗುವುದು ಸಾವು ಸಂಭವಿಸಿದ ಜಾಗದಲ್ಲಿ, ವಾಸದ ಊರಿನಲ್ಲಲ್ಲ. ಈ ಒಂದು ನಿಯಮ ಮರೆತು ಸೋಲುವ ಅರ್ಜಿಗಳು ಬಹಳ. ಮನೆಯಲ್ಲಿ ತೀರಿಕೊಂಡಿದ್ದರೆ ಆ ಹಳ್ಳಿ. ಆಸ್ಪತ್ರೆಯಲ್ಲಾಗಿದ್ದರೆ ಆಸ್ಪತ್ರೆ ಇರುವ ಊರು, ಮಣ್ಣು ಮಾಡಿದ್ದು ಎಲ್ಲೇ ಆಗಿರಲಿ. ಗೌರಿಬಿದನೂರು, ಪಾವಗಡ, ಬಾಗೇಪಲ್ಲಿ ಕಡೆಯವರು ತುರ್ತಿಗೆ ಹಿಂದೂಪುರಕ್ಕೆ ಹೋಗುತ್ತಾರೆ, ಮುಳಬಾಗಿಲು, ಶ್ರೀನಿವಾಸಪುರದವರು ಮದನಪಲ್ಲಿಗೋ ಕುಪ್ಪಂಗೋ ಹೋಗುತ್ತಾರೆ. ಅಲ್ಲಿ ಜೀವ ಹೋಗಿದ್ದರೆ ದಾಖಲೆ ಆಂಧ್ರಪ್ರದೇಶದಲ್ಲಿರುತ್ತದೆ, ನಮ್ಮ ತಹಶೀಲ್ದಾರರು ಏನೂ ಮಾಡಲಾಗದು. ಬೆಂಗಳೂರಿನ ಆಸ್ಪತ್ರೆಗಳ ವಿಷಯವೂ ಹಾಗೆಯೇ. ಆಸ್ಪತ್ರೆಯಲ್ಲಾದ ಸಾವನ್ನು ತಿಳಿಸುವ ಹೊಣೆ ಆಸ್ಪತ್ರೆಯದ್ದೇ ಆಗಿರುವುದರಿಂದ ಅಲ್ಲಿ ಬಹುತೇಕ ನೋಂದಣಿ ಆಗಿಯೇ ಇರುತ್ತದೆ, ಮನೆಯವರು ಪ್ರಮಾಣಪತ್ರ ತಂದಿರುವುದಿಲ್ಲ ಅಷ್ಟೇ. ದಾರಿಯಲ್ಲಿ, ವಾಹನದಲ್ಲಿ ಪ್ರಾಣ ಹೋಗಿದ್ದರೆ ವಾಹನ ಮೊದಲು ನಿಂತ ಜಾಗದ ನೋಂದಣಾಧಿಕಾರಿಗೆ ಸೇರುತ್ತದೆ. ಅಪಘಾತ, ಹಾವು ಕಡಿತ, ಆತ್ಮಹತ್ಯೆಯಾಗಿ ಮರಣೋತ್ತರ ಪರೀಕ್ಷೆ ನಡೆದಿದ್ದರೆ ಠಾಣೆಯ ಅಸಹಜ ಸಾವಿನ ವರದಿ, ಅಂದರೆ ಯು.ಡಿ.ಆರ್., ಅಥವಾ ಎಫ್‌ಐಆರ್ ಮತ್ತು ಪರೀಕ್ಷೆಯ ವರದಿಯಿಂದ ದಿನವೂ ಜಾಗವೂ ಸಿಗುತ್ತವೆ.

ಜಾಗ ಖಚಿತವಾದ ಮೇಲೆ ಎರಡು ಕಡೆ ಹುಡುಕಬೇಕು. ಇತ್ತೀಚಿನ ವರ್ಷಗಳ ನೋಂದಣಿ ಇ-ಜನ್ಮ ತಂತ್ರಾಂಶದಲ್ಲಿರುತ್ತದೆ (ejanma.karnataka.gov.in). ಹಳೆಯದು ಕೈಬರಹದ ರಿಜಿಸ್ಟರಿನಲ್ಲಿ, ಹಳ್ಳಿಗಳದ್ದಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ, ಪಟ್ಟಣದ್ದಾದರೆ ನಗರಸಭೆ ಅಥವಾ ಪುರಸಭೆಯ ಆರೋಗ್ಯ ಶಾಖೆಯಲ್ಲಿ. ಹೊಸ ತಾಲ್ಲೂಕುಗಳವರು ಇಲ್ಲಿ ಎಚ್ಚರವಾಗಿರಬೇಕು. ಮಂಚೇನಹಳ್ಳಿ ಮೊದಲು ಗೌರಿಬಿದನೂರು ತಾಲ್ಲೂಕಿನ ಹೋಬಳಿ, ಚೇಳೂರು ಬಾಗೇಪಲ್ಲಿಯದ್ದು, ಕೆಜಿಎಫ್ ಬಂಗಾರಪೇಟೆಯದ್ದು. ಹೊಸ ಕಚೇರಿಯಲ್ಲಿ ‘ಇಲ್ಲ’ ಎಂದರೆ ಹಳೆಯ ತಾಲ್ಲೂಕಿನ ರೆಕಾರ್ಡ್ ರೂಮಿನಲ್ಲೂ ನೋಡಿಸಿ. ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದೇ 2007ರಲ್ಲಿ. ಅದಕ್ಕೂ ಹಿಂದಿನ ಕಾಗದಗಳಲ್ಲಿ ಕೋಲಾರ ಜಿಲ್ಲೆ ಎಂದಿದ್ದರೆ ಅದು ತಪ್ಪಲ್ಲ, ತಿದ್ದಿಸಲು ಓಡಾಡಬೇಡಿ.

ಹುಡುಕಾಟಕ್ಕೆ ಅರ್ಜಿ ಕೊಡುವಾಗ ಒಂದೇ ವರ್ಷ ಬರೆಯಬೇಡಿ. ಮನೆಯವರು ಹೇಳುವ ವರ್ಷದ ಹಿಂದಿನದು, ಮುಂದಿನದು ಸೇರಿಸಿ ಮೂರು ವರ್ಷ ಬರೆಯಿರಿ. ಹುಡುಕುವ ಶುಲ್ಕ ವರ್ಷದ ಲೆಕ್ಕದಲ್ಲಿರುತ್ತದೆ, ಮೊತ್ತ ಚಿಕ್ಕದು. ಹೆಸರನ್ನೂ ಎಲ್ಲ ರೂಪಗಳಲ್ಲಿ ಕೊಡಿ.

ನಮೂನೆ 10 ಮತ್ತು ಹಿಂಬರಹ

ರಿಜಿಸ್ಟರಿನಲ್ಲಿ ಸಿಗದಿದ್ದರೆ ನಿಮಗೆ ಬೇಕಾದದ್ದು ‘ಲಭ್ಯವಿಲ್ಲದ ಪ್ರಮಾಣಪತ್ರ’, ನಮೂನೆ 10. ಇಂಥ ಹೆಸರಿನವರ ಮರಣ ಇಂಥ ಅವಧಿಯ ರಿಜಿಸ್ಟರಿನಲ್ಲಿ ದಾಖಲಾಗಿಲ್ಲ ಎಂದು ಹೇಳುವ ಕಾಗದ ಅದು. ಮ್ಯಾಜಿಸ್ಟ್ರೇಟರ ಮುಂದೆ ಇಡೀ ಅರ್ಜಿ ನಿಲ್ಲುವುದೇ ಇದರ ಮೇಲೆ. ಕೆಲವು ಕಡೆ ಇದರ ಬದಲು ‘ದಾಖಲೆ ಲಭ್ಯವಿರುವುದಿಲ್ಲ’ ಎಂದು ಒಂದು ಸಾಲಿನ ಹಿಂಬರಹ ಕೊಟ್ಟು ಕಳಿಸುತ್ತಾರೆ. ಆ ಸಾಲಿಗೆ ಎರಡು ಅರ್ಥ ಬರುತ್ತದೆ. ರಿಜಿಸ್ಟರ್ ಇದೆ, ಅದರಲ್ಲಿ ಈ ಹೆಸರಿಲ್ಲ ಎಂಬುದು ಒಂದು. ಆ ವರ್ಷದ ರಿಜಿಸ್ಟರೇ ಕಳೆದಿದೆ ಅಥವಾ ಶಿಥಿಲವಾಗಿದೆ ಎಂಬುದು ಇನ್ನೊಂದು. ಎರಡನೆಯದಾದರೆ ನೋಂದಣಿ ಆಗಿದ್ದಿರಲೂಬಹುದು, ಹಾಗಾಗಿ ವಿಚಾರಣೆಯಲ್ಲಿ ಬೇರೆ ಸಾಕ್ಷ್ಯ ಹೆಚ್ಚು ಬೇಕಾಗುತ್ತದೆ. ಹಿಂಬರಹವೇ ಕೈಗೆ ಬಂದರೆ ಯಾವ ಅರ್ಥ ಎಂಬುದನ್ನು ಅದರಲ್ಲೇ ಬರೆಸಿಕೊಂಡು, ನಮೂನೆ 10ನ್ನು ಬರಹದಲ್ಲಿ ಕೇಳಿ.

ಕಾಗದ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಮೂರು ಸಂಗತಿ ಓದಿ: ಹೆಸರು ಮತ್ತು ತಂದೆ ಅಥವಾ ಗಂಡನ ಹೆಸರು, ಸಾವಾದ ಊರು, ಹುಡುಕಿದ ಅವಧಿ. ಅವಧಿ 2010 ಎಂದಿದ್ದು ಅರ್ಜಿಯಲ್ಲಿ ಸಾವು 2009 ಎಂದಿದ್ದರೆ ಆ ಕಾಗದ ಪ್ರಯೋಜನಕ್ಕೆ ಬರುವುದಿಲ್ಲ.

ಒಂದು ಉದಾಹರಣೆ

ಇದು ವಿವರಣೆಗೆಂದು ಕಟ್ಟಿಕೊಂಡ ಪ್ರಸಂಗ. ಮಂಚೇನಹಳ್ಳಿ ಹೋಬಳಿಯ ಒಂದು ಹಳ್ಳಿಯಲ್ಲಿ ನರಸಿಂಹಪ್ಪ ಎಂಬ ರೈತ 2009ರಲ್ಲಿ ಮನೆಯಲ್ಲೇ ವಯಸ್ಸಾಗಿ ತೀರಿಕೊಂಡಿದ್ದಾರೆ. ಹೆಂಡತಿ ಅವರಿಗಿಂತ ಮೊದಲೇ ಹೋಗಿದ್ದರಿಂದ ವಿಧವಾ ವೇತನದ ಕಡತ ಇಲ್ಲ. ಈಗ ಮಗ ಪೌತಿ ಖಾತೆ ಮಾಡಿಸಬೇಕು. ಮನೆಯವರಿಗೆ ತಾರೀಖು ನೆನಪಿಲ್ಲ. ‘ಆ ವರ್ಷ ಹೊಸತೊಡಕಿನ ಮಾರನೆ ದಿನ ರಾತ್ರಿ’ ಎನ್ನುತ್ತಾರೆ.

ನಮ್ಮ ಕಡೆ ಸಾವಿನ ದಿನ ಹೀಗೇ ನೆನಪಿರುವುದು, ಅದರಿಂದ ತಾರೀಖು ತೆಗೆಯಲೂ ಆಗುತ್ತದೆ. 2009ರ ಯುಗಾದಿ ಮಾರ್ಚ್ 27, ಶುಕ್ರವಾರ. ಹೊಸತೊಡಕು 28, ಶನಿವಾರ. ಮಾರನೆ ದಿನ 29, ಭಾನುವಾರ. ಇದಕ್ಕೆ ಒತ್ತಾಸೆಯಾಗಿ ಒಂದು ಕಾಗದ ಸಿಕ್ಕರೆ ಸಾಕು, ಅದು ಸಾಮಾನ್ಯವಾಗಿ ತಿಥಿ ಕಾರ್ಡು. ಹಳದಿ ಬಣ್ಣಕ್ಕೆ ತಿರುಗಿದ ಆ ಕಾರ್ಡನ್ನು ನೆಂಟರ ಮನೆಯ ದೇವರ ಫೋಟೊ ಹಿಂದೆ, ಹಳೆಯ ಪಂಚಾಂಗದ ನಡುವೆ ಹುಡುಕಿಸಿ. ‘ದಿನಾಂಕ 29-3-2009ನೇ ಭಾನುವಾರ ರಾತ್ರಿ ದೈವಾಧೀನರಾದ ಕಾರಣ, ದಿನಾಂಕ 8-4-2009ನೇ ಬುಧವಾರ ವೈಕುಂಠ ಸಮಾರಾಧನೆ’ ಎಂದಿದ್ದರೆ ಲೆಕ್ಕ ಸರಿಹೋಯಿತು. ಸಾವಿನ ದಿನವನ್ನೂ ಸೇರಿಸಿ ಎಣಿಸಿದರೆ ಏಪ್ರಿಲ್ 8 ಹನ್ನೊಂದನೆಯ ದಿನ. ವಿಚಾರಣೆ ಮಾಡುವವರು ಕಾರ್ಡು ಈಚೆಗೆ ಅಚ್ಚು ಮಾಡಿಸಿದ್ದೇ ಎಂದು ಅನುಮಾನಪಟ್ಟರೆ ಮೊದಲು ನೋಡುವುದು ತಾರೀಖು, ವಾರ, ಹನ್ನೊಂದನೆಯ ದಿನ ಮೂರೂ ಕೂಡುತ್ತವೆಯೇ ಎಂಬುದನ್ನೇ. ನೀವೂ ಕೊಡುವ ಮೊದಲು ಕ್ಯಾಲೆಂಡರ್ ತೆಗೆದು ನೋಡಿಕೊಳ್ಳಿ.

ಕಾರ್ಡು ಸಿಗದಿದ್ದರೆ ಬೇರೆ ಕಾಗದಗಳಿಂದ ದಿನಾಂಕವನ್ನು ಸುತ್ತುವರಿಯಬೇಕು. ವೃದ್ಧಾಪ್ಯ ವೇತನ ನಿಂತ ತಿಂಗಳು, ಪಡಿತರ ಚೀಟಿಯಿಂದ ಹೆಸರು ತೆಗೆದದ್ದು, ಮತದಾರರ ಪಟ್ಟಿಯಿಂದ ಕೈಬಿಟ್ಟ ವರ್ಷ, ಹಾಲಿನ ಡೇರಿಯಲ್ಲಿ ಸದಸ್ಯತ್ವ ಮಗನ ಹೆಸರಿಗೆ ಬದಲಾದದ್ದು, ಸಹಕಾರ ಸಂಘದ ಸಾಲದ ಪುಸ್ತಕ. ಇವುಗಳಲ್ಲಿ ಯಾವುದೂ ಒಂಟಿಯಾಗಿ ಸಾವಿನ ದಿನವನ್ನು ಹೇಳುವುದಿಲ್ಲ. ಆದರೆ ಫೆಬ್ರವರಿಯ ತನಕ ವೇತನ ಪಡೆದು ನಂತರ ನಿಂತಿದೆ ಎಂಬ ಒಂದು ಪುಟ, ಊರಿನ ಇಬ್ಬರು ಹಿರಿಯರ ಹೇಳಿಕೆಯ ಜೊತೆ ಸೇರಿದರೆ ತೂಕ ಬರುತ್ತದೆ.

ಇನ್ನೊಂದು ಪರೀಕ್ಷೆಯನ್ನು ಅರ್ಜಿ ಹಾಕುವ ಮೊದಲು ನೀವೇ ಮಾಡಿಕೊಳ್ಳಬೇಕು. ಆ ಜಮೀನುಗಳ ಋಣಭಾರ ಪತ್ರ, ಅಂದರೆ ಇ.ಸಿ., ತೆಗೆಸಿ ನೋಡಿ. ನೀವು ಹೇಳುವ ದಿನಾಂಕದ ನಂತರ ತೀರಿಕೊಂಡವರು ಹೆಬ್ಬೆಟ್ಟು ಒತ್ತಿದ ಕ್ರಯಪತ್ರವೋ ಅಡಮಾನವೋ ಕಂಡರೆ ಎರಡರಲ್ಲಿ ಒಂದು ಸುಳ್ಳು. ನೆನಪು ತಪ್ಪಿದ್ದರೆ ಈಗಲೇ ಸರಿಪಡಿಸಿಕೊಳ್ಳಿ. ಪತ್ರವೇ ಮೋಸದ್ದು ಎನಿಸಿದರೆ ವಕೀಲರನ್ನು ಕಂಡ ನಂತರವೇ ಮುಂದೆ ಹೆಜ್ಜೆ ಇಡಿ. ಆಸ್ತಿಗೆ ಅನುಕೂಲವಾಗಲಿ ಎಂದು ಸಾವಿನ ದಿನವನ್ನು ಹಿಂದೆ ಮುಂದೆ ಸರಿಸುವ ಸಲಹೆ ಕೊಡುವವರು ಕಚೇರಿಯ ಸುತ್ತ ಸಿಗುತ್ತಾರೆ. ಅವರ ಮಾತು ಕೇಳಿದ ಮನೆಗಳು ಆಮೇಲೆ ಸಿವಿಲ್ ಕೋರ್ಟಿನಲ್ಲಿ ಸುಳ್ಳು ದಾಖಲೆಯ ಆರೋಪ ಎದುರಿಸಬೇಕಾಗುತ್ತದೆ.

ಹೆಸರಿನ ತೊಡಕು

ಈ ಮೂರು ಜಿಲ್ಲೆಗಳಲ್ಲಿ, ಅದರಲ್ಲೂ ತೆಲುಗು ಮನೆಮಾತಿನ ಹಳ್ಳಿಗಳಲ್ಲಿ, ಒಬ್ಬರಿಗೆ ಒಂದೊಂದು ಕಾಗದದಲ್ಲಿ ಒಂದೊಂದು ಹೆಸರು. ನಮ್ಮ ಉದಾಹರಣೆಯ ನರಸಿಂಹಪ್ಪ ಮತದಾರರ ಗುರುತಿನ ಚೀಟಿಯಲ್ಲಿ ನರಸಿಂಹಪ್ಪ, ಪಡಿತರ ಚೀಟಿಯಲ್ಲಿ ನರಸಪ್ಪ, ಪಹಣಿಯ 9ನೇ ಕಾಲಂನಲ್ಲಿ ‘ಚಿಕ್ಕನರಸಪ್ಪ ಬಿನ್ ಗಂಗಪ್ಪ’. ಅರ್ಜಿಯಲ್ಲಿ ಬರೀ ನರಸಿಂಹಪ್ಪ ಎಂದು ಬರೆದು ಆದೇಶ ಪಡೆದರೆ, ಪ್ರಮಾಣಪತ್ರವೂ ಹಾಗೇ ಬರುತ್ತದೆ. ನಾಡಕಚೇರಿಯಲ್ಲಿ ಪಹಣಿಯ ಹೆಸರಿಗೆ ಹೊಂದುವುದಿಲ್ಲ ಎಂದು ಪೌತಿ ಅರ್ಜಿ ತಿರಸ್ಕಾರವಾಗುತ್ತದೆ. ಆಗ ಮತ್ತೆ ತಿದ್ದುಪಡಿ, ಮತ್ತೆ ಅಫಿಡವಿಟ್.

ಆದ್ದರಿಂದ ಮೊದಲ ದಿನದಿಂದಲೇ ಎಲ್ಲ ಕಾಗದಗಳಲ್ಲೂ ‘ಚಿಕ್ಕನರಸಪ್ಪ ಉರುಫ್ ನರಸಿಂಹಪ್ಪ ಉರುಫ್ ನರಸಪ್ಪ ಬಿನ್ ಗಂಗಪ್ಪ’ ಎಂದು ಒಂದೇ ರೀತಿ ಬರೆಯಿರಿ. ಯಾವ ಕೆಲಸಕ್ಕಾಗಿ ಪ್ರಮಾಣಪತ್ರ ಬೇಕೋ ಆ ಕಾಗದದ ಹೆಸರು ಮೊದಲು ಬರಲಿ, ಇಲ್ಲಿ ಪಹಣಿಯದು. ಮೂರೂ ಒಬ್ಬರೇ ಎಂದು ಅಫಿಡವಿಟ್‌ನಲ್ಲಿ ಒಂದು ಪ್ಯಾರಾ, ಮಹಜರಿನಲ್ಲಿ ಊರವರಿಂದ ಒಂದು ಸಾಲು ಇರಲಿ. ಹೆಣ್ಣುಮಕ್ಕಳ ವಿಷಯದಲ್ಲಿ ‘ಕೋಂ’ ಎಂದು ಗಂಡನ ಹೆಸರು ಬರುವ ಪಹಣಿಗಳಿವೆ, ತವರಿನ ಆಸ್ತಿಯಲ್ಲಿ ‘ಬಿನ್’ ಎಂದು ತಂದೆಯ ಹೆಸರು. ಎರಡನ್ನೂ ಹಾಕಿ.

2009ರಲ್ಲಿ ತೀರಿಕೊಂಡವರಿಗೆ ಆಧಾರ್ ಇರಲು ಸಾಧ್ಯವಿಲ್ಲ, ಅದು ಶುರುವಾದದ್ದೇ 2010ರಲ್ಲಿ. ಮೃತರ ಆಧಾರ್ ತನ್ನಿ ಎಂದರೆ ಗಾಬರಿಯಾಗದೆ, ಸಾವು ಅದಕ್ಕಿಂತ ಮೊದಲಿನದು ಎಂದು ಅರ್ಜಿಯಲ್ಲಿ ಬರೆದುಕೊಡಿ.

ಮ್ಯಾಜಿಸ್ಟ್ರೇಟರ ಮುಂದೆ

ಅರ್ಜಿ ಬಿಳಿ ಹಾಳೆಯ ಮೇಲೆ ಒಂದೂವರೆ ಪುಟದಷ್ಟಿದ್ದರೆ ಸಾಕು. 13(3)ನೇ ಕಲಂ ಅಡಿ ಎಂದು ವಿಷಯದ ಸಾಲಿನಲ್ಲೇ ಬರೆಯಿರಿ. ಯಾರು, ಯಾವಾಗ, ಎಲ್ಲಿ, ಹೇಗೆ ತೀರಿಕೊಂಡರು, ಅರ್ಜಿದಾರರಿಗೆ ಏನು ಸಂಬಂಧ, ಆಗ ಏಕೆ ನೋಂದಾಯಿಸಲಿಲ್ಲ, ಯಾವ ನೋಂದಣಾಧಿಕಾರಿಗೆ ನಿರ್ದೇಶನ ಬೇಕು, ಇಷ್ಟೇ. ‘ತಿಳಿವಳಿಕೆ ಇರಲಿಲ್ಲ’ ಎಂಬುದು ನಿಜವಾದ ಕಾರಣವಾಗಿದ್ದರೆ ಹಾಗೇ ಬರೆಯಿರಿ, ಕಥೆ ಕಟ್ಟಬೇಡಿ.

ಜೊತೆಗೆ ನಮೂನೆ 10ರ ಮೂಲ ಪ್ರತಿ, ಅರ್ಜಿದಾರರ ಅಫಿಡವಿಟ್, ಅವರ ಆಧಾರ್, ಮೃತರ ಹೆಸರಿರುವ ಸಿಕ್ಕಷ್ಟು ಗುರುತಿನ ಕಾಗದ, ದಿನಾಂಕ ಹೇಳುವ ಕಾಗದ, ಪಹಣಿ, ವಂಶವೃಕ್ಷ, ಇಬ್ಬರು ಸಾಕ್ಷಿಗಳ ಹೇಳಿಕೆ ಮತ್ತು ಅವರ ಗುರುತಿನ ಚೀಟಿ ಇರಲಿ. ಸಾಕ್ಷಿಗಳು ಸಾವಿನ ದಿನ ಊರಿನಲ್ಲಿದ್ದು ಮಣ್ಣಿಗೆ ಬಂದವರಾಗಿರಬೇಕು. 2009ರಲ್ಲಿ ಹತ್ತು ವರ್ಷದ ಹುಡುಗನಾಗಿದ್ದವನ ಸಹಿ ಹಾಕಿಸಿದರೆ ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ಆಸ್ತಿಯಲ್ಲಿ ಪಾಲಿಲ್ಲದ ಪಕ್ಕದ ಮನೆಯವರು, ಹೊಲದ ಬದುವಿನವರು ನೆಂಟರಿಗಿಂತ ಒಳ್ಳೆಯ ಸಾಕ್ಷಿ. ಕಾಗದಗಳನ್ನೆಲ್ಲ ಎರಡು ಕಟ್ಟು ಮಾಡಿ, ಟಪಾಲು ಶಾಖೆಯಲ್ಲಿ ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ.

ಕಾನೂನು ಮ್ಯಾಜಿಸ್ಟ್ರೇಟರಿಗೆ ಹೇಳಿರುವುದು ಸಾವು ನಡೆದದ್ದು ನಿಜವೇ ಎಂದು ಪರಿಶೀಲಿಸಿ ಆದೇಶ ಮಾಡಿ ಎಂದು. ಅದಕ್ಕಾಗಿ ಕಡತ ಸಾಮಾನ್ಯವಾಗಿ ಗ್ರಾಮ ಆಡಳಿತಾಧಿಕಾರಿ ಮತ್ತು ರೆವಿನ್ಯೂ ಇನ್ಸ್‌ಪೆಕ್ಟರರ ವರದಿಗೆ ಇಳಿಯುತ್ತದೆ, ಊರಿನಲ್ಲಿ ಮಹಜರು ಆಗುತ್ತದೆ. ಕಡತ ಹೆಚ್ಚು ದಿನ ಮಲಗುವುದು ಇಲ್ಲೇ. ವರದಿ ಕೇಳಿ ಹೋದ ಪತ್ರದ ಸಂಖ್ಯೆ, ದಿನಾಂಕ ಕೇಳಿ ಬರೆದಿಟ್ಟುಕೊಂಡರೆ ಯಾರ ಮೇಜಿನ ಮೇಲಿದೆ ಎಂಬುದು ತಿಳಿಯುತ್ತದೆ. ಮಹಜರಿನ ದಿನ ನಿಮ್ಮ ಸಾಕ್ಷಿಗಳು ಊರಿನಲ್ಲಿರುವಂತೆ ನೋಡಿಕೊಳ್ಳಿ. ಬರೆದದ್ದನ್ನು ಓದಿಸಿ ಕೇಳದೆ ಸಹಿ ಹಾಕಬೇಡಿ, ತಾರೀಖು ಒಂದಂಕಿ ಹೆಚ್ಚುಕಡಿಮೆಯಾದರೂ ಅರ್ಜಿಗೂ ವರದಿಗೂ ಹೊಂದಾಣಿಕೆ ತಪ್ಪುತ್ತದೆ.

ದಾಯಾದಿಗಳು ತಕರಾರು ಹಾಕಿದರೆ ಏನಾಗುತ್ತದೆ ಎಂದು ಹಲವರಿಗೆ ಭಯ. ಈ ವಿಚಾರಣೆಯಲ್ಲಿ ತೀರ್ಮಾನವಾಗುವುದು ಒಬ್ಬರು ಸತ್ತದ್ದು, ಯಾವಾಗ, ಎಲ್ಲಿ ಎಂಬುದು ಮಾತ್ರ. ಯಾರಿಗೆ ಎಷ್ಟು ಪಾಲು, ಯಾರು ವಾರಸುದಾರರು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ತಕರಾರು ಪಾಲಿನ ಬಗ್ಗೆ ಇದ್ದರೆ ಅದನ್ನೇ ಶಾಂತವಾಗಿ ಬರಹದಲ್ಲಿ ತಿಳಿಸಿ. ದಿನಾಂಕದ ಬಗ್ಗೆಯೇ ತಕರಾರಿದ್ದರೆ ಕಾಗದದಿಂದಲೇ ಉತ್ತರ ಕೊಡಬೇಕು.

ಮನೆ ಬಿಟ್ಟು ಹೋಗಿ ಎಷ್ಟೋ ವರ್ಷವಾದರೂ ಸುದ್ದಿಯಿಲ್ಲದವರಿಗೆ ಈ ದಾರಿ ನಡೆಯುವುದಿಲ್ಲ. ಅವರು ಸತ್ತ ದಿನ, ಜಾಗ ಯಾರಿಗೂ ಗೊತ್ತಿಲ್ಲ. ಏಳು ವರ್ಷ ಸುಳಿವಿಲ್ಲದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ, ಮೃತರೆಂದು ಭಾವಿಸುವ ಘೋಷಣೆ ಪಡೆಯಬೇಕು. ಪೊಲೀಸರಿಗೆ ಕೊಟ್ಟ ಕಾಣೆಯಾದ ದೂರು ಅಲ್ಲಿ ಮುಖ್ಯ ಕಾಗದ.

ಜನನವಾದರೆ

ಮಗುವಿನ ಜನನ ಪ್ರಮಾಣಪತ್ರ ಇಲ್ಲ ಎನ್ನುವವರು ಮೊದಲು ತಾಯಿಯ ಹೆಸರಿನಲ್ಲಿ ಹುಡುಕಿಸಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಮಗುವಿನ ಹೆಸರಿನ ಜಾಗ ಖಾಲಿ ಬಿಟ್ಟು, ‘ಗಂಡು’ ಅಥವಾ ‘ಹೆಣ್ಣು’ ಎಂದಷ್ಟೇ ನೋಂದಣಿ ಆಗಿರುವುದು ಸಾಮಾನ್ಯ. ಮಗುವಿನ ಹೆಸರಿನಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಅಲ್ಲಿ ಬೇಕಾದದ್ದು 14ನೇ ಕಲಂ ಅಡಿ ಹೆಸರು ಸೇರ್ಪಡೆ. ಮ್ಯಾಜಿಸ್ಟ್ರೇಟರ ಆದೇಶ ಬೇಕಿಲ್ಲ, ನೋಂದಣಾಧಿಕಾರಿಯ ಬಳಿಯೇ ಮುಗಿಯುವ ಕೆಲಸ. ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ನಂತರ ಶುಲ್ಕ ಕಟ್ಟಿ ಸೇರಿಸಬಹುದು. ನಿಯಮಗಳು ಇದಕ್ಕೆ 15 ವರ್ಷದ ಮಿತಿ ಇಟ್ಟಿವೆ, ಆ ವಯಸ್ಸು ದಾಟುವ ಮೊದಲು ಮಾಡಿಸಿ.

ಮನೆಯಲ್ಲಿ ಹುಟ್ಟಿ ನಿಜಕ್ಕೂ ನೋಂದಣಿಯಾಗದಿದ್ದರೆ ತಾಯಿ ಕಾರ್ಡು, ಲಸಿಕೆ ಕಾರ್ಡು, ಅಂಗನವಾಡಿ ದಾಖಲೆ, ಶಾಲೆಯ ದಾಖಲಾತಿ ವಹಿಯ ನಕಲು ಸಾಕ್ಷ್ಯಗಳು. ದೊಡ್ಡವರಿಗೆ ಇಲ್ಲಿ ಒಂದು ಇಕ್ಕಟ್ಟಿದೆ. ಶಾಲೆಗೆ ಸೇರಿಸುವಾಗ ಮೇಷ್ಟರು ಜೂನ್ 1 ಎಂದು ಹಾಕಿದ ತಾರೀಖು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೂ ಕೆಲಸದ ದಾಖಲೆಗೂ ಇಳಿದಿರುತ್ತದೆ. ತಾಯಿ ಹೇಳುವ ನಿಜವಾದ ದಿನ ಬೇರೆ. ಬೇರೆ ತಾರೀಖಿನ ಜನನ ಪ್ರಮಾಣಪತ್ರ ಪಡೆದರೆ ಎಲ್ಲ ದಾಖಲೆಗಳನ್ನೂ ತಿದ್ದಿಸಬೇಕಾಗುತ್ತದೆ, ಸೇವೆಯಲ್ಲಿರುವವರಿಗೆ ಅದು ಬಹುತೇಕ ಅಸಾಧ್ಯ. ಅದಕ್ಕಿಂತ ಮೊದಲು ಪ್ರಮಾಣಪತ್ರ ಅಗತ್ಯವೇ ಎಂದು ಕೇಳಿಕೊಳ್ಳಿ. ಜನನ ಪ್ರಮಾಣಪತ್ರವೇ ಬೇಕು ಎಂಬ ಕಡ್ಡಾಯ ಇರುವುದು 2023ರ ಅಕ್ಟೋಬರ್ 1 ಮತ್ತು ಅದರ ನಂತರ ಹುಟ್ಟಿದವರಿಗೆ. ಅದಕ್ಕೂ ಮೊದಲು ಹುಟ್ಟಿದವರು ಪಾಸ್‌ಪೋರ್ಟಿಗೆ ಎಸ್‌ಎಸ್‌ಎಲ್‌ಸಿ ದಾಖಲೆಯನ್ನೇ ಕೊಡಬಹುದು.

ಆದೇಶ ಬಂದ ಮೇಲೆ

ಆದೇಶವೇ ಪ್ರಮಾಣಪತ್ರವಲ್ಲ. ಅದನ್ನು ಹಿಡಿದು ನೋಂದಣಾಧಿಕಾರಿಯ ಬಳಿ ಹೋಗಿ, ಮರಣ ವರದಿಯ ನಮೂನೆ 2 ತುಂಬಿ (ಜನನಕ್ಕೆ ನಮೂನೆ 1), ತಡ ಶುಲ್ಕ ಕಟ್ಟಿ, ಇ-ಜನ್ಮದಲ್ಲಿ ದಾಖಲು ಮಾಡಿಸಬೇಕು. ಹೋಗುವ ಮೊದಲು ಆದೇಶದ ಕೊನೆಯ ಪ್ಯಾರಾ ಓದಿ. ಅಲ್ಲಿ ಉರುಫ್ ಸಹಿತ ಪೂರ್ತಿ ಹೆಸರು, 29-3-2009 ಎಂಬ ದಿನಾಂಕ, ಸಾವಾದ ಗ್ರಾಮ, ನಿರ್ದೇಶನ ಪಡೆಯುವ ನೋಂದಣಾಧಿಕಾರಿಯ ಹುದ್ದೆ ನಾಲ್ಕೂ ಇರಬೇಕು. ಪೀಠಿಕೆಯಲ್ಲಿ ಎಲ್ಲ ಸರಿಯಾಗಿದ್ದು ಕೊನೆಯ ಪ್ಯಾರಾದಲ್ಲಿ ‘ನರಸಿಂಹಪ್ಪ’ ಎಂದಷ್ಟೇ ಇದ್ದರೆ ನೋಂದಣಾಧಿಕಾರಿ ಅಷ್ಟನ್ನೇ ದಾಖಲಿಸುತ್ತಾರೆ, ಆದೇಶ ಮೀರಿ ಬರೆಯಲು ಅವರಿಗೆ ಬರುವುದಿಲ್ಲ. ಅಂಥ ತಪ್ಪನ್ನು ಆದೇಶ ಮಾಡಿದ ಕಚೇರಿಯಲ್ಲೇ, ನೋಂದಣಿಗೆ ಮೊದಲೇ ತಿದ್ದಿಸಿಕೊಳ್ಳಿ. ಕಂಪ್ಯೂಟರಿನಲ್ಲಿ ತುಂಬುವಾಗ ಪಕ್ಕದಲ್ಲೇ ಕೂತು ಕನ್ನಡ, ಇಂಗ್ಲಿಷ್ ಎರಡೂ ಕಾಗುಣಿತ ನೋಡಿ. ಒಮ್ಮೆ ದಾಖಲಾದ ಮೇಲೆ ಅಕ್ಷರ ತಪ್ಪಿಗೂ 15ನೇ ಕಲಂ ಅಡಿ ತಿದ್ದುಪಡಿಯ ಅರ್ಜಿ ಬೇಕಾಗುತ್ತದೆ.

ಮರಣ ಪ್ರಮಾಣಪತ್ರ ನಮೂನೆ 6ರಲ್ಲಿ ಬರುತ್ತದೆ. ಅದರಲ್ಲಿ ಸಾವಿನ ದಿನಾಂಕ 2009 ಎಂದೂ ನೋಂದಣಿ ದಿನಾಂಕ ಈಗಿನದೆಂದೂ ಇರುವುದು ಸರಿಯೇ. ಬ್ಯಾಂಕಿನವರೋ ಬೇರೆ ಕಚೇರಿಯವರೋ ಇದನ್ನು ನೋಡಿ ಅನುಮಾನಪಟ್ಟರೆ ಮ್ಯಾಜಿಸ್ಟ್ರೇಟರ ಆದೇಶದ ನಕಲು ತೋರಿಸಿ. ಆ ಆದೇಶದ ಎರಡು ದೃಢೀಕೃತ ನಕಲು ಮೊದಲೇ ತೆಗೆದಿಟ್ಟುಕೊಂಡಿದ್ದರೆ ಒಳ್ಳೆಯದು.

ಆದೇಶವಿದ್ದೂ ನೋಂದಣಾಧಿಕಾರಿ ದಾಖಲಿಸಲು ಒಪ್ಪದಿದ್ದರೆ ಕಾರಣವನ್ನು ಹಿಂಬರಹದಲ್ಲಿ ಕೇಳಿ. 2023ರ ತಿದ್ದುಪಡಿ ಇದಕ್ಕೆ ಮೇಲ್ಮನವಿಯ ದಾರಿ ತೆರೆದಿದೆ. ಹಿಂಬರಹ ಸಿಕ್ಕ 30 ದಿನದೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಕೊಡಬಹುದು, ಅವರು 90 ದಿನದೊಳಗೆ ತೀರ್ಮಾನ ಹೇಳಬೇಕು. ಮೇಲ್ಮನವಿಗೆ ಆದೇಶದ ನಕಲು, ತುಂಬಿದ ನಮೂನೆ 2, ಟಪಾಲು ಸೀಲು ಬಿದ್ದ ನಿಮ್ಮ ಅರ್ಜಿ ಮತ್ತು ಆ ಹಿಂಬರಹ ಲಗತ್ತಿಸಿ.